ನೆಂಟರು ಹೋದರೂ ಖಾಲಿಯಾಗದ ವಿಳಾಸ

ಮನೆಯಲ್ಲಿ ಮಗುವಿನ ನಾಮಕರಣ. ಬೆಳಿಗ್ಗೆ ಬಂದ ನೆಂಟರು ಪಾಸ್‌ವರ್ಡ್ ಕೇಳಿಕೊಂಡು ವೈ-ಫೈ ಹಾಕಿಕೊಂಡರು, ಯಾರಿಗೂ ಏನೂ ತೊಂದರೆಯಾಗಲಿಲ್ಲ. ಊಟ ಮುಗಿಸಿ ಅವರೆಲ್ಲ ಹೊರಟ ಮೇಲೆ, ಸಂಜೆ ಇನ್ನೊಂದು ತಂಡ ಬಂತು. ಪಾಸ್‌ವರ್ಡ್ ಅದೇ, ರೂಟರ್ ಅದೇ, ಸಿಗ್ನಲ್ ಕಡ್ಡಿಗಳೂ ಪೂರ್ತಿ ಇವೆ. ಆದರೆ ಈಗ ಬಂದವರಲ್ಲಿ ಮೊದಲ ಕೆಲವರಿಗೆ ಮಾತ್ರ ನೆಟ್ ಸಿಕ್ಕಿತು. ಉಳಿದವರ ಫೋನುಗಳು `Obtaining IP address` ಎಂದು ಸ್ವಲ್ಪ ಹೊತ್ತು ತಿರುಗಿ, ಸೋತು ಮೊಬೈಲ್ ಡೇಟಾಗೆ ಮರಳಿದವು. ಪಕ್ಕದಲ್ಲೇ ಕೂತಿದ್ದ ಮನೆಯ ಹುಡುಗ ಅದೇ ವೈ-ಫೈಯಲ್ಲಿ ಕ್ರಿಕೆಟ್ ನೋಡುತ್ತಿದ್ದಾನೆ.

ಇಂಥ ಹೊತ್ತಿನಲ್ಲಿ ನಾವು ದೂರುವುದು ಮೂವರನ್ನು. ಪಾಸ್‌ವರ್ಡ್ ತಪ್ಪಿರಬೇಕು ಎನ್ನುತ್ತೇವೆ, ಇಲ್ಲವೇ ಇಂಟರ್ನೆಟ್ ಕಂಪನಿಯವರದು ನಿಧಾನ ಎನ್ನುತ್ತೇವೆ, ಅದೂ ಅಲ್ಲದಿದ್ದರೆ ರೂಟರ್ ಹಳೆಯದಾಯಿತು, ಹೊಸದು ತರಬೇಕು ಎನ್ನುತ್ತೇವೆ. ಮೂರೂ ಕಾರಣವಲ್ಲದ ಸಂದರ್ಭಗಳು ಬಹಳ. ಈಗಾಗಲೇ ಸೇರಿಕೊಂಡ ಸಾಧನಗಳು ಚೆನ್ನಾಗಿ ನಡೆಯುತ್ತಿದ್ದು, ಹೊಸದಾಗಿ ಬಂದವು ಮಾತ್ರ ಹೊರಗುಳಿದರೆ ಮೊದಲು ಶಂಕಿಸಬೇಕಾದದ್ದು ಬೇರೆಯದನ್ನೇ. ರೂಟರ್ ಹಂಚುವ ಐಪಿ ವಿಳಾಸಗಳು ಮುಗಿದುಹೋಗಿರಬಹುದು. ಅವನ್ನು ಮುಗಿಸಿದವರು ಮನೆಯಲ್ಲಿ ಈಗ ಇರುವವರೇ ಆಗಬೇಕೆಂದಿಲ್ಲ. ಎಷ್ಟೋ ಸಲ, ಆಗಲೇ ಎದ್ದು ಹೋದವರು.

ವಿಳಾಸ ಹಂಚುವ ಕ್ರಮ

ಮನೆಯ ಜಾಲಕ್ಕೆ ಸೇರಿದ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಬೇಕು. ಫೋನಾದರೂ ಸರಿ, ಟಿವಿಯಾದರೂ ಸರಿ, ಬಾಗಿಲ ಮೇಲಿನ ಕ್ಯಾಮೆರಾ ಆದರೂ ಸರಿ. ಹೊರಗಿನಿಂದ ಬಂದ ಮಾಹಿತಿಯನ್ನು ಯಾವ ಸಾಧನಕ್ಕೆ ತಲುಪಿಸಬೇಕು ಎಂದು ರೂಟರ್ ಗುರುತಿಸುವುದು ಈ ವಿಳಾಸದಿಂದ. ಸಾಮಾನ್ಯವಾಗಿ ಮನೆಗಳಲ್ಲಿ ಇದು `192.168.1.104` ಅಥವಾ `192.168.0.23` ಎನ್ನುವ ರೀತಿಯಲ್ಲಿರುತ್ತದೆ.

ಈ ವಿಳಾಸವನ್ನು ನಾವು ಕೈಯಾರೆ ಬರೆಯುವುದಿಲ್ಲ. ರೂಟರ್ ಒಳಗೆ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಇದೆ, ಅದೇ ಹಂಚುತ್ತದೆ. 1993ರಲ್ಲಿ ಮೊದಲು ರೂಪುಗೊಂಡ ಈ ನಿಯಮಾವಳಿಗೆ ಇಂದಿಗೂ ಬಳಕೆಯಲ್ಲಿರುವ ರೂಪ ಬಂದದ್ದು 1997ರ ಮಾರ್ಚ್‌ನಲ್ಲಿ. ಇದರ ವ್ಯವಹಾರ ನಾಲ್ಕೇ ಮಾತಿನದು. ವೈ-ಫೈಗೆ ಸೇರಿದ ಫೋನು "ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ರೂಟರ್ ತನ್ನ ಪಟ್ಟಿ ನೋಡಿ "ಈ ವಿಳಾಸ ಖಾಲಿ ಇದೆ, ಬೇಕೇ?" ಎನ್ನುತ್ತದೆ. ಫೋನು "ಬೇಕು, ಅದನ್ನೇ ಕೊಡಿ" ಎನ್ನುತ್ತದೆ. ರೂಟರ್ "ಆಯಿತು, ಇಷ್ಟು ಹೊತ್ತಿನವರೆಗೆ ಅದು ನಿನ್ನದು" ಎಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಇದಿಷ್ಟೂ ನಾವು ಗಮನಿಸುವ ಮೊದಲೇ ಮುಗಿದಿರುತ್ತದೆ.

ಇಲ್ಲಿ ನೆನಪಿಡಬೇಕಾದದ್ದು ಕೊನೆಯ ಮಾತು. ವಿಳಾಸ ಕೊಡುವುದು ಶಾಶ್ವತವಾಗಿ ಅಲ್ಲ, ಗೊತ್ತಾದ ಅವಧಿಗೆ. ಆ ಅವಧಿಗೆ ಲೀಸ್ ಎಂದು ಹೆಸರು. ಲೀಸ್ ಅರ್ಧ ಕಳೆಯುತ್ತಿದ್ದಂತೆ ಸಾಧನ ತಾನಾಗಿ ರೂಟರನ್ನು ಕೇಳಿ ಅದನ್ನು ನವೀಕರಿಸಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲೇ ಇರುವ ಟಿವಿ, ಕ್ಯಾಮೆರಾಗಳು ತಮ್ಮ ವಿಳಾಸವನ್ನು ತಿಂಗಳುಗಟ್ಟಲೆ ಬಿಡದೆ ಇಟ್ಟುಕೊಂಡಿರುತ್ತವೆ.

ಹಂಚಲು ವಿಳಾಸಗಳು ಸಾಲದಾದಾಗ ನಡೆಯುವುದು ವಿಚಿತ್ರ. ಫೋನು ಕೂಗುತ್ತದೆ, ರೂಟರ್ ಉತ್ತರವನ್ನೇ ಕೊಡುವುದಿಲ್ಲ. "ಜಾಗವಿಲ್ಲ" ಎಂದು ಹೇಳುವ ಮಾತೇ ಈ ಮೊದಲ ಹಂತದಲ್ಲಿ ಇಲ್ಲ. ಫೋನು ಕೆಲವು ಸೆಕೆಂಡು ಬಿಟ್ಟು ಮತ್ತೆ ಕೇಳುತ್ತದೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳುತ್ತದೆ. ಪರದೆಯ ಮೇಲೆ ನಾವು ಕಾಣುವ ಆ ತಿರುಗಾಟ ಇದೇ ಕಾಯುವಿಕೆ. ಬೇರೆ ಬೇರೆ ಕಂಪನಿಗಳ ಫೋನುಗಳು ಕೊನೆಗೆ ಬೇರೆ ಬೇರೆ ಮಾತಿನಲ್ಲಿ ಸೋಲೊಪ್ಪಿಕೊಳ್ಳುತ್ತವೆ. ವಿಳಾಸ ಮುಗಿದಿದೆ ಎಂಬ ನಿಜವಾದ ಕಾರಣ ಫೋನಿಗೂ ಗೊತ್ತಿರುವುದಿಲ್ಲ, ಹಾಗಾಗಿ ನಮಗೂ ತಿಳಿಯುವುದಿಲ್ಲ.

ಕೊರತೆ ಎಲ್ಲಿಂದ ಬಂತು?

ಐಪಿ ವಿಳಾಸಗಳ ಬರ ಎಂದೊಡನೆ ಜಗತ್ತಿನ ಸಾರ್ವಜನಿಕ ವಿಳಾಸಗಳು ಮುಗಿದ ಸುದ್ದಿ ಕೆಲವರಿಗೆ ನೆನಪಾಗಬಹುದು. ಸುಮಾರು 430 ಕೋಟಿ ವಿಳಾಸಗಳ ಹಳೆಯ ವ್ಯವಸ್ಥೆಯಲ್ಲಿ ಕೊನೆಯ ದೊಡ್ಡ ಕಂತುಗಳು 2011ರ ಫೆಬ್ರವರಿಯಲ್ಲಿ ಹಂಚಿಹೋದವು. ಮನೆಯ ಕಥೆಗೂ ಅದಕ್ಕೂ ಸಂಬಂಧವಿಲ್ಲ. ಮನೆ, ಕಚೇರಿಗಳ ಒಳಬಳಕೆಗೆಂದೇ ಕೆಲವು ವಿಳಾಸಗಳನ್ನು 1996ರಲ್ಲಿ ತೆಗೆದಿರಿಸಲಾಗಿದೆ. `192.168` ಎಂದು ಶುರುವಾಗುವವೆಲ್ಲ ಅದರಲ್ಲಿ ಸೇರಿವೆ. ಯಾರ ಅಪ್ಪಣೆಯೂ ಇಲ್ಲದೆ, ಕಾಸು ಕೊಡದೆ, ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ ಒಂದೇ ವಿಳಾಸ ಬಳಸಬಹುದು.

ಸಾಮಾನ್ಯ ಮನೆಯ ಜಾಲದಲ್ಲಿ ಕೊನೆಯ ಸಂಖ್ಯೆ ಮಾತ್ರ ಬದಲಾಗುತ್ತದೆ. ಅದು 0ಯಿಂದ 255ರವರೆಗೆ ಹೋಗಬಹುದು. ಎರಡು ತುದಿಯ ಸಂಖ್ಯೆಗಳಿಗೆ ಬೇರೆ ಕೆಲಸ ಇದೆ, ಇನ್ನೊಂದನ್ನು ರೂಟರ್ ತಾನೇ ಇಟ್ಟುಕೊಳ್ಳುತ್ತದೆ. ಉಳಿದದ್ದು 253. ಒಂದು ಕುಟುಂಬಕ್ಕೆ ಇದು ಧಾರಾಳ.

ಆದರೆ ರೂಟರ್ ಅಷ್ಟನ್ನೂ ಹಂಚುವುದಿಲ್ಲ. ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗೆ ಎಂದು ಕಾರ್ಖಾನೆಯಲ್ಲೇ ಒಂದು ವ್ಯಾಪ್ತಿ ಗೊತ್ತುಮಾಡಿರುತ್ತಾರೆ. ಇದಕ್ಕೆ ಪೂಲ್ ಎನ್ನುತ್ತಾರೆ. ಒಂದು ಕಾಲಕ್ಕೆ ಜಗತ್ತಿನಾದ್ಯಂತ ಮನೆಮಾತಾಗಿದ್ದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್ 100ನೆಯ ಸಂಖ್ಯೆಯಿಂದ ಶುರುಮಾಡಿ 50 ವಿಳಾಸಗಳನ್ನಷ್ಟೇ ಹಂಚುತ್ತಿತ್ತು, ಲೀಸ್ ಒಂದು ದಿನ. ಅದು ಮಾರುಕಟ್ಟೆಗೆ ಬಂದ 2002ರ ಸುಮಾರಿನಲ್ಲಿ ಮನೆಯಲ್ಲಿದ್ದದ್ದು ಒಂದೆರಡು ಕಂಪ್ಯೂಟರ್, ಐವತ್ತು ಎಂದರೆ ಅತಿಯೇ ಆಗಿತ್ತು. ಹವ್ಯಾಸಿಗಳು ಬಳಸುವ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶದಲ್ಲಿ ಈಗ 150 ವಿಳಾಸ ಮತ್ತು 12 ಗಂಟೆಯ ಲೀಸ್ ಮೊದಲೇ ಹೊಂದಿಸಿರುತ್ತದೆ. ಹೀಗೆ ಒಂದೊಂದು ಸಾಧನದಲ್ಲಿ ಒಂದೊಂದು ಲೆಕ್ಕ. ಅಗತ್ಯಕ್ಕಿಂತ ಚಿಕ್ಕ ಪೂಲ್ ಇದ್ದ ರೂಟರನ್ನು ಯಾರೂ ತೆರೆದು ನೋಡದೆ ವರ್ಷಗಟ್ಟಲೆ ಗೋಡೆಗೆ ನೇತುಹಾಕಿರುವ ಮನೆಗಳಲ್ಲಿ ಈ ತೊಂದರೆ ಹುಟ್ಟುತ್ತದೆ.

ಒಂದು ದಿನದ ಲೆಕ್ಕ

ನಾಮಕರಣದ ಮನೆಯ ಲೆಕ್ಕ ಹಾಕಿ ನೋಡೋಣ. ಅಜ್ಜ ಅಜ್ಜಿ, ಅಣ್ಣ ತಮ್ಮಂದಿರ ಎರಡು ಸಂಸಾರ, ಮಕ್ಕಳು ಸೇರಿ ದೊಡ್ಡ ಕುಟುಂಬ. ಫೋನು 9, ಲ್ಯಾಪ್‌ಟಾಪ್ 4, ಟ್ಯಾಬ್ 2, ಟಿವಿ 2, ಸೆಟ್-ಟಾಪ್ ಬಾಕ್ಸ್ 1, ಕ್ಯಾಮೆರಾ 4, ಪ್ರಿಂಟರ್ 1, ಫೋನಿನಿಂದ ಹೊತ್ತಿಸುವ ಬಲ್ಬು ಮತ್ತು ಪ್ಲಗ್ಗುಗಳು 5, ಮಾತಿಗೆ ಉತ್ತರಿಸುವ ಸ್ಪೀಕರ್ 1, ಎಸಿ 1, ಚಾವಣಿಯ ಸೌರ ಇನ್ವರ್ಟರ್ 1. ಒಟ್ಟು 31. ಮನೆಯವರನ್ನು ಕೇಳಿದರೆ "ಹತ್ತು ಹದಿನೈದು ಇರಬಹುದು" ಎನ್ನುತ್ತಾರೆ. ಬಲ್ಬು, ಇನ್ವರ್ಟರ್‌ಗಳು ಲೆಕ್ಕಕ್ಕೇ ಬಂದಿರುವುದಿಲ್ಲ.

ರೂಟರಿನ ಪೂಲ್ `192.168.1.100`ರಿಂದ `192.168.1.149`ರವರೆಗೆ, ಅಂದರೆ 50. ಲೀಸ್ 24 ಗಂಟೆ. ಮನೆಯ 31 ಸಾಧನ ಕಳೆದರೆ ನೆಂಟರಿಗೆ ಉಳಿಯುವುದು 19.

ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ 14 ಫೋನುಗಳು ಬಂದವು. ಎಲ್ಲಕ್ಕೂ ವಿಳಾಸ ಸಿಕ್ಕಿತು, ಉಳಿದದ್ದು 5. ಮಧ್ಯಾಹ್ನ ಎರಡಕ್ಕೆ ಅವರೆಲ್ಲ ಹೊರಟರು. ಸಂಜೆ 12 ಫೋನುಗಳು ಬಂದವು. ಈಗ ಮನೆಯೊಳಗೆ ಇರುವುದು 31 ಮತ್ತು 12 ಸೇರಿ 43 ಸಾಧನ. ಪೂಲ್ ಐವತ್ತರದ್ದು. ಲೆಕ್ಕದ ಪ್ರಕಾರ ಏಳು ವಿಳಾಸ ಮಿಗಬೇಕು. ಮಿಗಲಿಲ್ಲ. ಐದು ಫೋನುಗಳಿಗೆ ಸಿಕ್ಕಿ ಏಳು ಹೊರಗುಳಿದವು.

ಕಾರಣ ಲೀಸಿನಲ್ಲಿದೆ. ನೆಂಟರು ಮನೆ ದಾಟಿ ವೈ-ಫೈ ವ್ಯಾಪ್ತಿಯಿಂದ ಆಚೆ ಹೋದಾಗ ಅವರ ಫೋನು "ನನ್ನ ವಿಳಾಸ ತೆಗೆದುಕೊಳ್ಳಿ" ಎಂದು ರೂಟರಿಗೆ ಹೇಳಿ ಹೋಗುವುದಿಲ್ಲ. ಹಾಗೆ ಹೇಳುವ ಸೌಲಭ್ಯ ನಿಯಮಾವಳಿಯಲ್ಲಿದೆ, ಆದರೆ ಸಿಗ್ನಲ್ ಕಡಿದು ಹೋದ ಮೇಲೆ ಹೇಳುವುದು ಹೇಗೆ? ರೂಟರಾದರೂ ಕೊಟ್ಟ ಮಾತಿಗೆ ಬದ್ಧ. ಬೆಳಿಗ್ಗೆ ಹತ್ತಕ್ಕೆ ಕೊಟ್ಟ ವಿಳಾಸವನ್ನು ಮಾರನೆಯ ದಿನ ಹತ್ತರವರೆಗೆ ಅದೇ ಫೋನಿನ ಹೆಸರಿನಲ್ಲಿ ಕಾದಿಡುತ್ತದೆ. ದಸರೆಯ ಸಮಯದಲ್ಲಿ 24 ಗಂಟೆಯ ಲೆಕ್ಕದಲ್ಲಿ ಕೋಣೆ ಕೊಡುವ ಲಾಡ್ಜಿನಲ್ಲಿ ಅತಿಥಿ ಮಧ್ಯಾಹ್ನವೇ ಊರಿಗೆ ಹೋಗಿದ್ದರೂ, ಬೀಗದ ಕೈ ಅವನ ಜೇಬಿನಲ್ಲೇ ಉಳಿದಿದ್ದರೆ ಸಂಜೆ ಬಂದವರಿಗೆ "ರೂಮಿಲ್ಲ" ಎನ್ನಬೇಕಾಗುತ್ತದಲ್ಲ, ಹಾಗೆ.

ಆದ್ದರಿಂದ ಪೂಲ್ ಎಷ್ಟು ದೊಡ್ಡದಿರಬೇಕು ಎಂದು ಕೇಳುವಾಗ, ಒಂದೇ ಹೊತ್ತಿಗೆ ಎಷ್ಟು ಸಾಧನ ಇರುತ್ತವೆ ಎಂದು ಎಣಿಸಿದರೆ ಸಾಲದು. ಒಂದು ಲೀಸ್ ಅವಧಿಯೊಳಗೆ ಒಟ್ಟು ಎಷ್ಟು ಬೇರೆ ಬೇರೆ ಸಾಧನಗಳು ಬಂದುಹೋಗುತ್ತವೆ ಎಂದು ಎಣಿಸಬೇಕು. ನಮ್ಮ ಲೆಕ್ಕದಲ್ಲಿ ಅದು 31, 14, 12 ಸೇರಿ 57. ಪೂಲ್ 50. ವ್ಯತ್ಯಾಸ ಏಳು, ಹೊರಗುಳಿದವರೂ ಏಳು.

ಇದೇ ಮನೆಯಲ್ಲಿ ಲೀಸ್ ಎರಡು ಗಂಟೆಯದಾಗಿದ್ದರೆ? ಬೆಳಗಿನ ಫೋನುಗಳು ಮನೆಯಲ್ಲಿ ಇರುವಷ್ಟು ಹೊತ್ತೂ ಗಂಟೆಗೊಮ್ಮೆ ನವೀಕರಿಸಿಕೊಳ್ಳುತ್ತಿದ್ದವು. ಎರಡು ಗಂಟೆಗೆ ಹೊರಟ ಮೇಲೆ ನವೀಕರಿಸುವವರಿಲ್ಲ. ಅವರ ಕೊನೆಯ ಲೀಸ್ ತಡವೆಂದರೂ ನಾಲ್ಕು ಗಂಟೆಗೆ ಮುಗಿದು ಹದಿನಾಲ್ಕೂ ವಿಳಾಸ ಬಿಡುಗಡೆಯಾಗುತ್ತಿತ್ತು. ಪೂಲ್ ಐವತ್ತೇ ಇದ್ದರೂ ಸಂಜೆಯ ಹನ್ನೆರಡೂ ಫೋನುಗಳಿಗೆ ಜಾಗ ಇರುತ್ತಿತ್ತು.

ಒಂದು ಫೋನು, ಎರಡು ವಿಳಾಸ

ಇತ್ತೀಚಿನ ವರ್ಷಗಳಲ್ಲಿ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿದ ಒಂದು ಬದಲಾವಣೆ ಇದೆ. ರೂಟರ್ ಸಾಧನವನ್ನು ಗುರುತಿಸುವುದು ಅದರ ಯಂತ್ರಾಂಶ ಸಂಖ್ಯೆಯಿಂದ, ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಹಿಂದೆ ಅದು ಕಾರ್ಖಾನೆಯಲ್ಲಿ ಬರೆದದ್ದು, ಬದಲಾಗುತ್ತಿರಲಿಲ್ಲ. ಅದನ್ನು ಹಿಡಿದು ಮಾಲ್, ನಿಲ್ದಾಣಗಳಲ್ಲಿ ಜನರ ಓಡಾಟವನ್ನು ಹಿಂಬಾಲಿಸಲು ಸಾಧ್ಯ ಎಂಬ ಕಾರಣಕ್ಕೆ ಫೋನುಗಳು ನಿಜ ಸಂಖ್ಯೆಯನ್ನು ಮುಚ್ಚಿಡತೊಡಗಿದವು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಪ್ರತಿ ವೈ-ಫೈ ಹೆಸರಿಗೂ ಒಂದೊಂದು ಕೃತಕ ಮ್ಯಾಕ್ ಸಂಖ್ಯೆಯನ್ನು ಮಾಡಿಕೊಳ್ಳುತ್ತವೆ.

ಇಲ್ಲಿ ಮುಖ್ಯವಾದದ್ದು "ಪ್ರತಿ ಹೆಸರಿಗೂ" ಎಂಬುದು. ಸಾಮಾನ್ಯವಾಗಿ ಒಂದು ಹೆಸರಿನ ವೈ-ಫೈಗೆ ಫೋನು ಮಾಡಿಕೊಂಡ ಕೃತಕ ಸಂಖ್ಯೆ ದಿನದಿನಕ್ಕೆ ಬದಲಾಗುವುದಿಲ್ಲ. ಆದರೆ ಬಹಳಷ್ಟು ಮನೆಗಳಲ್ಲಿ ಒಂದೇ ರೂಟರ್ ಎರಡು ಹೆಸರು ತೋರಿಸುತ್ತದೆ, ಒಂದು ಮಾಮೂಲಿ, ಇನ್ನೊಂದರ ಕೊನೆಗೆ `_5G` ಎಂದಿರುತ್ತದೆ. ಮಹಡಿಯ ಮೇಲಿನ ಎಕ್ಸ್‌ಟೆಂಡರ್ ಮೂರನೆಯ ಹೆಸರು ತೋರಿಸಲೂಬಹುದು. ಅಡುಗೆಮನೆಯಿಂದ ಮಹಡಿಗೆ ಹೋಗುವಾಗ ಫೋನು ಒಂದು ಹೆಸರು ಬಿಟ್ಟು ಇನ್ನೊಂದಕ್ಕೆ ಹಾರುತ್ತದೆ. ಹೊಸ ಹೆಸರು, ಹೊಸ ಮ್ಯಾಕ್. ರೂಟರಿಗೆ ಅದು ಹೊಸ ಸಾಧನ. ಅದೇ ಪೂಲಿನಿಂದ ಇನ್ನೊಂದು ವಿಳಾಸ ಕೊಡುತ್ತದೆ, ಹಳೆಯದನ್ನು ಲೀಸ್ ಮುಗಿಯುವವರೆಗೆ ಕಾದಿಡುತ್ತದೆ.

ನಮ್ಮ ನಾಮಕರಣದ ಮನೆಯಲ್ಲಿ ಇಂಥ ಎರಡು ಹೆಸರುಗಳಿದ್ದು ಮನೆಯ 9 ಫೋನುಗಳೂ ದಿನದಲ್ಲಿ ಎರಡರ ನಡುವೆ ಓಡಾಡಿದರೆ, ನೆಂಟರು ಬರುವ ಮೊದಲೇ 31 ಸಾಧನ 40 ವಿಳಾಸ ಹಿಡಿದಿರುತ್ತವೆ. ಉಳಿಯುವುದು ಹತ್ತೇ. ಆಗ ಬೆಳಗಿನ ತಂಡದಲ್ಲೇ ನಾಲ್ವರಿಗೆ ನೆಟ್ ಸಿಗುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಈ ಕೃತಕ ಸಂಖ್ಯೆಯನ್ನು ದಿನಕ್ಕೊಮ್ಮೆ ಬದಲಿಸುವ ಆಯ್ಕೆ ಕೂಡ ಇದೆ. ಅದನ್ನು ಆನ್ ಮಾಡಿದವರು ದಿನಕ್ಕೊಂದು ಹೊಸ ವಿಳಾಸ ಬಳಸುತ್ತಾರೆ.

ಇದೇ ರೋಗ ಎಂದು ತಿಳಿಯುವುದು ಹೇಗೆ?

ಮೊದಲ ಸುಳಿವು ಆಗಲೇ ಹೇಳಿದ್ದು. ಹಳಬರಿಗೆ ನೆಟ್ ಇದೆ, ಹೊಸಬರಿಗೆ ಇಲ್ಲ. ಕಂಪನಿಯ ಸಂಪರ್ಕ ಕೆಟ್ಟಿದ್ದರೆ ಎಲ್ಲರಿಗೂ ಕೆಡಬೇಕಿತ್ತು. "ಹೊಸಬ" ಎಂದರೆ ನೆಂಟನೇ ಆಗಬೇಕಿಲ್ಲ. ಹಾಸ್ಟೆಲಿನಿಂದ ರಜೆಗೆ ಬಂದ ಮಗಳ ಲ್ಯಾಪ್‌ಟಾಪಿನ ಹಳೆಯ ಲೀಸ್ ಎಂದೋ ಮುಗಿದಿರುತ್ತದೆ, ರೂಟರ್ ಲೆಕ್ಕದಲ್ಲಿ ಅದೂ ಹೊಸಬರ ಸಾಲಿನಲ್ಲೇ ನಿಲ್ಲಬೇಕು.

ಎರಡನೆಯದು, ಸೋತ ಸಾಧನ ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸ. ಡಿಎಚ್‌ಸಿಪಿಯಿಂದ ಉತ್ತರ ಬಾರದಿದ್ದರೆ ವಿಂಡೋಸ್ ಮತ್ತು ಆಪಲ್ ಸಾಧನಗಳು `169.254`ರಿಂದ ಶುರುವಾಗುವ ಒಂದು ವಿಳಾಸವನ್ನು ತಾವೇ ಆರಿಸಿಕೊಳ್ಳುತ್ತವೆ. ಅದರಿಂದ ಇಂಟರ್ನೆಟ್‌ಗೆ ಹೋಗಲಾಗದು, ಆದರೆ ರೋಗ ಪತ್ತೆಗೆ ಅದು ಒಳ್ಳೆಯ ಗುರುತು. ಐಫೋನಿನಲ್ಲಿ ವೈ-ಫೈ ಹೆಸರಿನ ಪಕ್ಕದ `i` ಗುರುತು ಒತ್ತಿದರೆ ಕಾಣುತ್ತದೆ. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು `ipconfig` ಎಂದು ಹೊಡೆದರೆ ಹೀಗೆ ಬರುತ್ತದೆ:

```
Autoconfiguration IPv4 Address. . : 169.254.83.41
Subnet Mask . . . . . . . . . . . : 255.255.0.0
Default Gateway . . . . . . . . . :
```

ಕೊನೆಯ ಸಾಲಿನ ಮುಂದೆ ರೂಟರಿನ ವಿಳಾಸ ಇರಬೇಕಿತ್ತು, ಖಾಲಿ ಇದೆ. ಇಷ್ಟರಿಂದ ಡಿಎಚ್‌ಸಿಪಿ ಉತ್ತರಿಸಲಿಲ್ಲ ಎಂಬುದು ಖಚಿತವಾಯಿತು. ಯಾಕೆ ಉತ್ತರಿಸಲಿಲ್ಲ ಎಂಬುದು ಇನ್ನೂ ತಿಳಿಯಬೇಕು.

ಅದಕ್ಕೆ ಮೂರನೆಯ ಪರೀಕ್ಷೆ. ನೆಟ್ ಸಿಗದ ಫೋನಿನ ವೈ-ಫೈ ಸೆಟ್ಟಿಂಗ್‌ನಲ್ಲಿ ಐಪಿಯನ್ನು `Static` ಎಂದು ಬದಲಿಸಿ, ಪೂಲಿನ ಹೊರಗಿನ, ಯಾರೂ ಬಳಸದ ವಿಳಾಸವೊಂದನ್ನು ಕೈಯಾರೆ ಬರೆಯಿರಿ. ನಮ್ಮ ಮನೆಯಲ್ಲಾದರೆ `192.168.1.60`. ಗೇಟ್‌ವೇ ಮತ್ತು ಡಿಎನ್‌ಎಸ್ ಎರಡಕ್ಕೂ ರೂಟರಿನ ವಿಳಾಸ `192.168.1.1`. ಕೂಡಲೇ ನೆಟ್ ಬಂದರೆ ಪಾಸ್‌ವರ್ಡ್, ಸಿಗ್ನಲ್, ಕಂಪನಿ ಎಲ್ಲ ಸರಿಯಿದೆ, ಕೊರತೆ ಇರುವುದು ವಿಳಾಸ ಹಂಚುವಲ್ಲಿ ಎಂದಾಯಿತು. ಪರೀಕ್ಷೆ ಮುಗಿದ ಮೇಲೆ ಮರೆಯದೆ `DHCP`ಗೆ ಮರಳಿಸಿ.

ಕೊನೆಯದಾಗಿ ರೂಟರಿನ ಪುಟವನ್ನೇ ತೆರೆದು ನೋಡಬಹುದು. ಬ್ರೌಸರಿನಲ್ಲಿ ರೂಟರ್ ವಿಳಾಸ ಹೊಡೆದು, ಅದರ ತಳಭಾಗದ ಚೀಟಿಯಲ್ಲಿರುವ ಹೆಸರು, ಪಾಸ್‌ವರ್ಡ್ ಕೊಟ್ಟರೆ ಒಳಗೆ ಡಿಎಚ್‌ಸಿಪಿ ಗ್ರಾಹಕರ ಪಟ್ಟಿ ಇರುತ್ತದೆ. ಪಟ್ಟಿಯ ಉದ್ದ ಪೂಲಿನಷ್ಟೇ ಇದ್ದರೆ ಸಂಶಯವೇ ಇಲ್ಲ. ಪಟ್ಟಿಯಲ್ಲಿ ಮ್ಯಾಕ್ ಸಂಖ್ಯೆಗಳ ಎರಡನೆಯ ಅಕ್ಷರವನ್ನು ಗಮನಿಸಿ. ಅದು 2, 6, A, E ಇವುಗಳಲ್ಲಿ ಒಂದಾಗಿದ್ದರೆ ಆ ಸಂಖ್ಯೆ ಕೃತಕವಾದದ್ದು. ಮನೆಯಲ್ಲಿರುವ ಫೋನುಗಳಿಗಿಂತ ಇಂಥ ಸಾಲುಗಳು ಬಹಳ ಹೆಚ್ಚಿದ್ದರೆ, ಹೋದವರು ಮತ್ತು ಎರಡು ಹೆಸರಿನ ನಡುವೆ ಹಾರಿದವರು ಯಾರೆಂದು ಊಹಿಸಬಹುದು.

ಎರಡು ನೆರೆಹೊರೆಯ ತೊಂದರೆಗಳನ್ನು ಇದರೊಡನೆ ಬೆರೆಸಬಾರದು. ಕೆಲವು ರೂಟರುಗಳಲ್ಲಿ ವೈ-ಫೈಗೆ ಒಂದೇ ಹೊತ್ತಿಗೆ ಸೇರಬಹುದಾದ ಸಾಧನಗಳಿಗೇ 32 ಅಥವಾ ಅಂಥದ್ದೊಂದು ಮಿತಿ ಇರುತ್ತದೆ. ಆಗ ಫೋನು ವೈ-ಫೈಗೆ ಸೇರುವ ಹಂತದಲ್ಲೇ ನಿಲ್ಲುತ್ತದೆ, ಪೂಲ್ ಹಿಗ್ಗಿಸಿದರೂ ಉಪಯೋಗವಿಲ್ಲ. ಗುರುತಿಸಲು ಸುಲಭ ದಾರಿ, ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ನೋಡುವುದು. ಕೇಬಲಿನಲ್ಲಿ ವಿಳಾಸ ಸಿಕ್ಕರೆ ಮಿತಿ ವೈ-ಫೈಯದ್ದು, ಕೇಬಲಿನಲ್ಲೂ ಸಿಗದಿದ್ದರೆ ಪೂಲಿನದು. ಇನ್ನೊಂದು, ಐಪಿವಿ6 ಇರುವ ಸಂಪರ್ಕಗಳಲ್ಲಿ ಹಳೆಯ ಬಗೆಯ ವಿಳಾಸ ಸಿಗದಿದ್ದರೂ ಹೊಸ ಬಗೆಯದನ್ನು ಫೋನು ತಾನೇ ಮಾಡಿಕೊಂಡಿರಬಹುದು. ಆಗ ಕೆಲವು ತಾಣಗಳು ಸಲೀಸಾಗಿ ತೆರೆದುಕೊಂಡು ಕೆಲವು ತೆರೆಯುವುದೇ ಇಲ್ಲ. ಇಂಥ ಅರೆಬರೆ ನೆಟ್ ಹಿಂದೆಯೂ ಪೂಲ್ ಮುಗಿದಿರುವ ಸಾಧ್ಯತೆ ಇದೆ.

ಆಫ್ ಮಾಡಿ ಆನ್ ಮಾಡಿದರೆ?

ನೆಟ್ ಕೆಟ್ಟಾಗ ಎಲ್ಲರೂ ಮಾಡುವುದು ಇದನ್ನೇ, ಎಷ್ಟೋ ಸಲ ಇದು ಕೆಲಸವನ್ನೂ ಮಾಡುತ್ತದೆ. ಹಲವು ಮನೆ ರೂಟರುಗಳು ಲೀಸ್ ಪಟ್ಟಿಯನ್ನು ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟಿರುತ್ತವೆ. ಕರೆಂಟು ಹೋದರೆ ಪಟ್ಟಿ ಅಳಿಸಿಹೋಗುತ್ತದೆ. ಮತ್ತೆ ಚಾಲೂ ಆದಾಗ ಮನೆಯಲ್ಲಿರುವವು ಮಾತ್ರ ಬಂದು ಕೇಳುತ್ತವೆ, ಹೋದವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. "ರೂಟರ್ ಬಿಸಿಯಾಗಿತ್ತು, ಆಫ್ ಮಾಡಿದ ಮೇಲೆ ಸರಿಯಾಯಿತು" ಎಂಬ ವಿವರಣೆಯ ಹಿಂದೆ ಕೆಲವು ಸಲ ಇದೇ ಇರುತ್ತದೆ.

ಇದನ್ನು ಪರಿಹಾರ ಎನ್ನಲಾಗದು. ಪಟ್ಟಿಯನ್ನು ಉಳಿಸಿಕೊಳ್ಳುವ ರೂಟರುಗಳಲ್ಲಿ ಇದು ನಡೆಯುವುದೂ ಇಲ್ಲ. ಜೊತೆಗೆ ಒಂದು ಅಪಾಯವಿದೆ. ಸ್ವಿಚ್ ಮೂಲಕ ಕೇಬಲಿನಲ್ಲಿ ಕೂತಿರುವ ಪ್ರಿಂಟರಿನಂಥ ಸಾಧನಕ್ಕೆ ರೂಟರ್ ಆಫ್ ಆಗಿದ್ದೇ ತಿಳಿಯದೆ, ಅದು ಹಳೆಯ ವಿಳಾಸದಲ್ಲೇ ಮುಂದುವರಿಯುತ್ತದೆ. ಪಟ್ಟಿ ಕಳೆದುಕೊಂಡ ರೂಟರ್ ಅದೇ ವಿಳಾಸವನ್ನು ಇನ್ನೊಬ್ಬರಿಗೆ ಕೊಡಬಹುದು. ಒಂದೇ ವಿಳಾಸದಲ್ಲಿ ಇಬ್ಬರು ಕೂತರೆ ಇಬ್ಬರಿಗೂ ನೆಟ್ ಬಂದು ಹೋಗಿ ಮಾಡುತ್ತದೆ.

ಎರಡು ಬದಲಾವಣೆ ಸಾಕು

ನಿಜವಾದ ಪರಿಹಾರ ರೂಟರಿನ `DHCP Server` ಪುಟದಲ್ಲಿದೆ. ಮೊದಲು ಪೂಲ್ ಹಿಗ್ಗಿಸಿ. ಕೆಳಗಿನ ಕೆಲವು ಸಂಖ್ಯೆಗಳನ್ನು ಕೈಯಾರೆ ವಿಳಾಸ ಕೊಡುವ ಸಾಧನಗಳಿಗೆ ಬಿಟ್ಟು, ಪೂಲನ್ನು `192.168.1.30`ರಿಂದ `192.168.1.249`ರವರೆಗೆ ಮಾಡಬಹುದು. ಐವತ್ತು ಇದ್ದದ್ದು 220 ಆಯಿತು. ಇದಕ್ಕೆ ಖರ್ಚಿಲ್ಲ, ನೆಟ್ ವೇಗವೂ ಕಡಿಮೆಯಾಗುವುದಿಲ್ಲ. ಈಗಾಗಲೇ 100ರಿಂದ 149ರೊಳಗೆ ವಿಳಾಸ ಪಡೆದವರು ಹೊಸ ವ್ಯಾಪ್ತಿಯೊಳಗೇ ಇರುವುದರಿಂದ ಅವರಿಗೂ ತೊಂದರೆಯಿಲ್ಲ.

ಹೀಗೆ ಮಾಡುವ ಮುನ್ನ ಕ್ಯಾಮೆರಾ, ಪ್ರಿಂಟರುಗಳಿಗೆ ಅಳವಡಿಸಿದವರು ಕೈಯಾರೆ ವಿಳಾಸ ಕೊಟ್ಟಿದ್ದಾರೆಯೇ ನೋಡಿಕೊಳ್ಳಿ. ಕ್ಯಾಮೆರಾದ ರೆಕಾರ್ಡರಿಗೆ `192.168.1.200` ಎಂದು ಬರೆದಿಟ್ಟಿದ್ದರೆ, ಹಿಗ್ಗಿದ ಪೂಲ್ ಆ ವಿಳಾಸವನ್ನು ನೆಂಟರ ಫೋನಿಗೆ ಕೊಡುವ ಸಂಭವ ಇದೆ. ಅಂಥವನ್ನು 30ಕ್ಕಿಂತ ಕೆಳಗಿನ ಸಂಖ್ಯೆಗೆ ತನ್ನಿ, ಇಲ್ಲವೇ ರೂಟರಿನ `Address Reservation` ಪುಟದಲ್ಲಿ ಅದರ ಮ್ಯಾಕ್ ಹೆಸರಿಗೆ ಆ ವಿಳಾಸವನ್ನು ಕಾಯ್ದಿರಿಸಿ.

ಎರಡನೆಯದು ಲೀಸ್. ನೆಂಟರಿಷ್ಟರು ಬಂದುಹೋಗುವ ಮನೆ, ಪಾಠ ಹೇಳುವ ಮನೆ, ಹೋಮ್‌ಸ್ಟೇ ಇಂಥಲ್ಲಿ ಎರಡು ಗಂಟೆ ಸಾಕು. ಒಂದು ಎಚ್ಚರಿಕೆ, ಈ ಅವಧಿಯನ್ನು ಕೆಲವು ರೂಟರುಗಳು ನಿಮಿಷದಲ್ಲಿ ಕೇಳುತ್ತವೆ, ಕೆಲವು ಸೆಕೆಂಡಿನಲ್ಲಿ. ಎರಡು ಗಂಟೆ ಎಂದರೆ ಮೊದಲನೆಯದರಲ್ಲಿ 120, ಎರಡನೆಯದರಲ್ಲಿ 7200. ಅಲ್ಲಿ ಈಗ 86400 ಎಂದು ಕಂಡರೆ ಅದು ಸೆಕೆಂಡಿನ ಲೆಕ್ಕದ 24 ಗಂಟೆ. ಸೆಕೆಂಡಿನ ಜಾಗದಲ್ಲಿ 120 ಬರೆದರೆ ಮನೆಯ ಪ್ರತಿ ಸಾಧನವೂ ನಿಮಿಷಕ್ಕೊಮ್ಮೆ ಬಂದು ನವೀಕರಣ ಕೇಳುತ್ತಿರುತ್ತದೆ.

ಗೆಸ್ಟ್ ವೈ-ಫೈ ಸೌಲಭ್ಯವಿರುವ ರೂಟರುಗಳಲ್ಲಿ ನೆಂಟರಿಗೆ ಅದನ್ನೇ ಕೊಡುವುದು ಒಳ್ಳೆಯದು. ಆದರೆ ಅದರಿಂದ ವಿಳಾಸದ ಕೊರತೆ ನೀಗುವುದು ಗೆಸ್ಟ್ ಜಾಲಕ್ಕೆ ಬೇರೆ ಪೂಲ್ ಇದ್ದಾಗ ಮಾತ್ರ. ಕೆಲವು ಸಾಧನಗಳಲ್ಲಿ ಹೆಸರು ಬೇರೆಯಾದರೂ ಪೂಲ್ ಒಂದೇ. ಗೆಸ್ಟ್ ವೈ-ಫೈಗೆ ಸೇರಿದ ಫೋನಿಗೆ ಸಿಕ್ಕ ವಿಳಾಸದ ಮೂರನೆಯ ಸಂಖ್ಯೆ ಮನೆಯದಕ್ಕಿಂತ ಬೇರೆ ಇದ್ದರೆ ಪೂಲೂ ಬೇರೆ ಎಂದು ತಿಳಿಯಬಹುದು. ಎರಡು ಹೆಸರಿನಲ್ಲಿ ಒಡೆದಿರುವ ಮನೆಯ ವೈ-ಫೈಯನ್ನು ಒಂದೇ ಹೆಸರಿಗೆ ತಂದರೆ ಫೋನುಗಳು ಎರಡೆರಡು ವಿಳಾಸ ಹಿಡಿಯುವುದೂ ತಪ್ಪುತ್ತದೆ. ಆದರೆ ಬಲ್ಬು, ಪ್ಲಗ್ಗುಗಳು ಹಳೆಯ ಹೆಸರನ್ನೇ ನೆಚ್ಚಿಕೊಂಡಿದ್ದರೆ ಆ ಹೆಸರನ್ನೇ ಉಳಿಸಿಕೊಳ್ಳಿ.

ಜಾಲವನ್ನೇ ದೊಡ್ಡದು ಮಾಡಿ ಐನೂರು ವಿಳಾಸ ಹಂಚುವ ದಾರಿಯೂ ಇದೆ. ಸಬ್‌ನೆಟ್ ಮಾಸ್ಕ್ ಎಂಬ ಇನ್ನೊಂದು ಸಂಖ್ಯೆಯನ್ನು ಬದಲಿಸಬೇಕು, ಕೈಯಾರೆ ವಿಳಾಸ ಕೊಟ್ಟ ಸಾಧನಗಳಲ್ಲೂ ಬದಲಿಸಬೇಕು. ಮನೆಗೆ ಇದರ ಅಗತ್ಯ ಬೀಳುವುದು ಅಪರೂಪ. ಕಂಪನಿಯವರು ಕೊಟ್ಟ ಸಾಧನದಲ್ಲಿ ಡಿಎಚ್‌ಸಿಪಿ ಪುಟವನ್ನು ಬದಲಿಸಲು ಬಿಡದಿದ್ದರೆ ಮಾತ್ರ ಗ್ರಾಹಕ ಸೇವೆಗೆ ಫೋನು ಮಾಡಿ. "ನೆಟ್ ಬರುತ್ತಿಲ್ಲ" ಎನ್ನುವ ಬದಲು "ಡಿಎಚ್‌ಸಿಪಿ ಪೂಲ್ ಹಿಗ್ಗಿಸಿ, ಲೀಸ್ ಎರಡು ಗಂಟೆ ಮಾಡಿ" ಎಂದು ಬಿಡಿಸಿ ಕೇಳಿ.

ಮನೆಯ ವಿಳಾಸಗಳ ಈ ಕೊರತೆ ಪೂರ್ತಿ ಕೃತಕ. ಇನ್ನೂರಕ್ಕೂ ಹೆಚ್ಚು ವಿಳಾಸ ಪುಕ್ಕಟೆಯಾಗಿ ಬಿದ್ದಿರುವಾಗ ಐವತ್ತರಲ್ಲೇ ತೂಗಿಸುತ್ತಿರುವುದರಿಂದ ಹುಟ್ಟಿದ್ದು. ಹೊಸ ರೂಟರಿಗೆ ಸಾವಿರಾರು ರೂಪಾಯಿ ಕೊಡುವ ಮುನ್ನ ಹಳೆಯದರ ಆ ಒಂದು ಪುಟವನ್ನು ತೆರೆದು ಪೂಲ್ ಎಷ್ಟಿದೆ, ಲೀಸ್ ಎಷ್ಟಿದೆ ಎಂದು ನೋಡಿ. ಮನೆಯಲ್ಲಿ ಮದುವೆ, ಮುಂಜಿ, ನಾಮಕರಣ ಇದ್ದರೆ ಹಿಂದಿನ ದಿನವೇ ನೋಡಿ.